ವಾಂತಿ-ಭೇದಿಯಾದಾಗ ಎದೆಹಾಲು ನಿಲ್ಲಿಸಬೇಕೆ?

ಯಲ್ಲದಕೆರೆಯ ಒಂದು ಮನೆಯಲ್ಲಿ ಐದು ತಿಂಗಳ ಕೂಸಿಗೆ ಬೆಳಗಿನಿಂದ ನಾಲ್ಕು ಸಲ ನೀರಾದ ಭೇದಿ, ಎರಡು ಸಲ ವಾಂತಿಯಾಗಿದೆ ಎಂದು ಭಾವಿಸೋಣ. "ಕುಡಿದದ್ದು ನಿಲ್ಲುತ್ತಿಲ್ಲ, ಹಾಲು ಬಿಡಿಸು" ಎಂದು ಅಜ್ಜಿ ಹೇಳುವುದು ಮಮತೆಯಿಂದಲೇ. ಆದರೆ ಭೇದಿಯ ಸಮಯದಲ್ಲಿಯೂ ಕರುಳು ಎದೆಹಾಲನ್ನು ಹೀರಿಕೊಳ್ಳುತ್ತದೆ. ಕಳೆದುಹೋದ ನೀರನ್ನು ತುಂಬಿಕೊಡುವುದೂ ಅದೇ.

ಆದುದರಿಂದ ಎಂದಿಗಿಂತ ಹೆಚ್ಚು ಸಲ, ಒಮ್ಮೆಗೆ ಸ್ವಲ್ಪ ಸ್ವಲ್ಪವಾಗಿ, ರಾತ್ರಿಯೂ ಹಾಲೂಡಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಕೊಡಬೇಕು. ಇದರೊಡನೆ ಓಆರ್‌ಎಸ್ ಪುಡಿಯನ್ನು, ಪೊಟ್ಟಣದ ಮೇಲೆ ಸೂಚಿಸಿದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಪ್ರತಿ ಭೇದಿಯ ಬಳಿಕ 50ರಿಂದ 100 ಮಿ.ಲೀ.ನಷ್ಟನ್ನು ಚಮಚದಿಂದ ನಿಧಾನವಾಗಿ ಕುಡಿಸಬೇಕು. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಕೂಸಿಗೆ ಕೇಡಾಗುತ್ತದೆ. 24 ಗಂಟೆ ಕಳೆದ ದ್ರಾವಣವನ್ನು ಚೆಲ್ಲಬೇಕು.

ಈ ನಡುವೆ ಕೂಸನ್ನು ಆಗಾಗ ಪರೀಕ್ಷಿಸೋಣ. ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟರೆ ತಟ್ಟನೆ ಸಮವಾಗಬೇಕು. ಮಡಿಕೆ ನಿಧಾನವಾಗಿ ಇಳಿದರೆ, ಕಣ್ಣು ಗುಳಿಬಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ಆರು ಗಂಟೆ ಮೂತ್ರವಾಗದಿದ್ದರೆ ದೇಹದ ನೀರು ಬತ್ತುತ್ತಿದೆ ಎಂದೇ ಅರ್ಥ. ನೆತ್ತಿ ಕುಸಿಯುವುದೂ ಇದರಿಂದಲೇ. ಅದಕ್ಕೆ ಎಣ್ಣೆ ಒತ್ತಿದರೆ ಮೇಲೇಳದು.

ಇಂತಹ ಲಕ್ಷಣ ಕಂಡೊಡನೆ ಹಿರಿಯೂರಿನ ಆಸ್ಪತ್ರೆಗೆ ಹೊರಡಬೇಕು. ಕೂಸು ಮಂಕಾಗಿ ಹಾಲು ಚೀಪದಿದ್ದರೆ, ಮಲದಲ್ಲಿ ರಕ್ತ ಅಥವಾ ಹಸಿರು ವಾಂತಿ ಕಂಡರೆ ಕ್ಷಣವೂ ತಡಮಾಡಬಾರದು. ಎರಡು ತಿಂಗಳು ತುಂಬದ ಕೂಸಾದರೆ ಲಕ್ಷಣಗಳಿಗಾಗಿ ಕಾಯದೆ ವೈದ್ಯರಿಗೆ ತೋರಿಸಬೇಕು. ಕೂಸು ಕುಡಿಯುವಂತಿದ್ದರೆ ದಾರಿಯುದ್ದಕ್ಕೂ ಹಾಲೂಡುತ್ತಲೇ ಸಾಗಬೇಕು.