ಎರಡು ದ್ವಾರಗಳ ಪೆಟ್ಟಿಗೆ, ತೆರೆದ ತುದಿಯ ಪರೀಕ್ಷೆ

ಒಳಗೆ ಏನಿದೆಯೆಂಬುದನ್ನು ನೋಡದೆಯೇ, ಹೊರಕ್ಕೆ ಚಾಚಿದ ನಾಲ್ಕು ತಂತಿಗಳಿಂದಲೇ ಒಂದು ವಿದ್ಯುಜ್ಜಾಲದ ಸ್ವಭಾವವನ್ನು ಸಂಪೂರ್ಣವಾಗಿ ತಿಳಿಯಬಹುದೆಂಬ ವಿಚಾರವು ಹುಟ್ಟಿದ್ದು ಪಾಠದ ಕೊಠಡಿಯಲ್ಲಲ್ಲ, ದೂರವಾಣಿಯ ತಂತಿಗಳ ಮೇಲೆ. ನೂರಾರು ಮೈಲಿ ಹರಿದ ತಂತಿಯನ್ನು ಬಿಚ್ಚಿ ನೋಡುವುದು ಯಾರಿಂದ ಸಾಧ್ಯ? ಆದುದರಿಂದ ಅಂದಿನ ಇಂಜಿನಿಯರರು ದೂರದ ತುದಿಯನ್ನು ಒಮ್ಮೆ ತೆರೆದಿಟ್ಟು, ಇನ್ನೊಮ್ಮೆ ಕೂಡಿಸಿ, ತಮ್ಮ ತುದಿಯಲ್ಲಿ ಕುಳಿತೇ ಅಳತೆ ಮಾಡುತ್ತಿದ್ದರು. ಒಂದು ಜೋಡಿಯ ಮಾತು ಪಕ್ಕದ ಜೋಡಿಯಲ್ಲಿ ಕೇಳಿಬರುವ ಉಪದ್ರವವನ್ನು ವಿಚಾರಿಸುತ್ತಿದ್ದ ಜರ್ಮನಿಯ ಫ್ರಾಂಟ್ಸ್ ಬ್ರೈಸಿಗ್ ಮಹಾಶಯರು 1921ರಲ್ಲಿ ಇಂತಹ ಚತುರ್ಮುಖ ಜಾಲಕ್ಕೆ ಪ್ರತ್ಯೇಕವಾದ ಒಂದು ಸ್ಥಾನವನ್ನು ಕೊಟ್ಟರು. 1929ರಲ್ಲಿ ಫೆಲಿಕ್ಸ್ ಸ್ಟ್ರೆಕರ್ ಮತ್ತು ರಿಚರ್ಡ್ ಫೆಲ್ಟ್‌ಕೆಲ್ಲರ್ ಎಂಬ ಇಬ್ಬರು ಅದರ ಸಮೀಕರಣಗಳನ್ನು ಗಣಿತಜ್ಞರ ಮ್ಯಾಟ್ರಿಕ್ಸ್ ರೂಪಕ್ಕೆ ತಂದರು. ಇಂದು ವಿದ್ಯಾರ್ಥಿಗಳು Z11, Z12, Z21, Z22 ಎಂದು ಬರೆಯುವ ನಾಲ್ಕು ಸಂಖ್ಯೆಗಳ ಹಿಂದೆ ಈ ಪರಂಪರೆಯಿದೆ.

ಈ ನಾಲ್ಕನ್ನು ಪಡೆಯುವ ಕ್ರಮ ಸರಳವಾದುದು. 100 ಓಮಿನದೊಂದು ರೋಧಕ, ಅದರ ಮುಂದೆ 300 ಓಮಿನದೊಂದು, ಇವೆರಡೂ ಕೂಡುವ ಸ್ಥಳದಿಂದ ಕೆಳಗಿನ ಸಾಮಾನ್ಯ ತಂತಿಗೆ 200 ಓಮಿನದೊಂದು: ಹೀಗೆ ಟಿ ಅಕ್ಷರದ ಆಕಾರದಲ್ಲಿ ಕಟ್ಟಿದ ಜಾಲವನ್ನು ಮೇಜಿನ ಮೇಲಿಟ್ಟುಕೊಳ್ಳೋಣ. ಎರಡನೆಯ ದ್ವಾರವನ್ನು ತೆರೆದಿಟ್ಟು, ಮೊದಲನೆಯದಕ್ಕೆ 6 ವೋಲ್ಟು ಕೊಟ್ಟರೆ, ಪ್ರವಾಹವು 100 ಮತ್ತು 200 ಓಮುಗಳ ಮೂಲಕ ಮಾತ್ರ ಹರಿದು 20 ಮಿಲಿಆಂಪಿಯರ್ ಆಗುತ್ತದೆ. 300 ಓಮಿನಲ್ಲಿ ಪ್ರವಾಹವೇ ಇಲ್ಲದುದರಿಂದ ನಡುವಣ ರೋಧಕದ 4 ವೋಲ್ಟು ಹಾಗೆಯೇ ಎರಡನೆಯ ದ್ವಾರದಲ್ಲಿ ಕಾಣಿಸುತ್ತದೆ. 6 ವೋಲ್ಟನ್ನು ಪ್ರವಾಹದಿಂದ ಭಾಗಿಸಿದರೆ Z11 300 ಓಮು. 4 ವೋಲ್ಟನ್ನು ಅದೇ ಪ್ರವಾಹದಿಂದ ಭಾಗಿಸಿದರೆ Z21 200 ಓಮು. ಬಳಿಕ ಮೂಲವನ್ನು ಎರಡನೆಯ ದ್ವಾರಕ್ಕೆ ಒಯ್ದು, ಮೊದಲನೆಯದನ್ನು ತೆರೆದಿಟ್ಟು 10 ವೋಲ್ಟು ಕೊಟ್ಟರೆ ಪುನಃ 20 ಮಿಲಿಆಂಪಿಯರ್ ಹರಿದು, Z22 500 ಓಮು ಮತ್ತು Z12 200 ಓಮು ದೊರೆಯುತ್ತವೆ.

Z12 ಮತ್ತು Z21 ಸಮವಾದುದು ಆಕಸ್ಮಿಕವಲ್ಲ. ಕೇವಲ ರೋಧಕಗಳಿಂದಾದ ಜಾಲದಲ್ಲಿ ಪ್ರವಾಹವನ್ನು ಇಲ್ಲಿ ಕೊಟ್ಟು ಅಲ್ಲಿ ಅಳೆದರೂ, ಅಲ್ಲಿ ಕೊಟ್ಟು ಇಲ್ಲಿ ಅಳೆದರೂ ಫಲವೊಂದೇ. ಆದರೆ ಈ ಸಮತೆಯನ್ನು ನಂಬಿಕೊಂಡು, ಒಂದನ್ನು ಅಳೆದು ಮತ್ತೊಂದನ್ನು ನಕಲು ಮಾಡಿ ದಾಖಲೆ ಪುಸ್ತಕವನ್ನು ತುಂಬುವ ಅಭ್ಯಾಸವು ಪ್ರಯೋಗಶಾಲೆಗಳಲ್ಲಿ ಬೇರೂರಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ದುಃಖವಾಗುತ್ತದೆ. ಏಕೆಂದರೆ ತಪ್ಪನ್ನು ಹಿಡಿದುಕೊಡಬಲ್ಲ ಏಕಮಾತ್ರ ಸಾಕ್ಷಿಯನ್ನು ಅವರು ಹೊರಕ್ಕೆ ಕಳುಹಿಸಿಬಿಡುತ್ತಾರೆ.

ಆ ತಪ್ಪಾದರೂ ಯಾವುದು? ತೆರೆದ ದ್ವಾರವೆಂದು ನಾವು ಕರೆಯುವಲ್ಲಿ ವೋಲ್ಟ್‌ಮೀಟರು ಕುಳಿತಿದೆ. ವೋಲ್ಟಿಗೆ 1000 ಓಮಿನ ಹಳೆಯ ಮುಳ್ಳಿನ ಮೀಟರನ್ನು 10 ವೋಲ್ಟಿನ ವ್ಯಾಪ್ತಿಯಲ್ಲಿಟ್ಟರೆ ಅದು 10,000 ಓಮಿನ ರೋಧಕವೇ ಸರಿ; ಅದರ ಮೂಲಕ ಅಲ್ಪಸ್ವಲ್ಪ ಪ್ರವಾಹ ಹರಿದೇ ಹರಿಯುತ್ತದೆ. ನಮ್ಮ ಜಾಲದಲ್ಲಿ ಆಗ ಎರಡನೆಯ ದ್ವಾರದ ಮುಳ್ಳು 4ಕ್ಕೆ ಬದಲು ಸುಮಾರು 3.86 ವೋಲ್ಟನ್ನು ತೋರಿಸಿ, ಮೂಲದ ಪ್ರವಾಹವು 20.26 ಮಿಲಿಆಂಪಿಯರಿಗೆ ಏರುತ್ತದೆ. Z21 190.5 ಓಮಿಗೆ ಇಳಿಯುತ್ತದೆ, Z11 ಕೂಡ 296.2 ಓಮಿಗೆ ಕುಗ್ಗುತ್ತದೆ. ಅದೇ ಮೀಟರಿನಿಂದ ವಿರುದ್ಧ ದಿಕ್ಕಿನ ಪರೀಕ್ಷೆಯನ್ನು ನಡೆಸಿದರೆ Z12 194.2 ಓಮು ಬರುತ್ತದೆ. ತೆರೆದಿಟ್ಟ ದ್ವಾರದ ಕಡೆಯಿಂದ ಜಾಲದ ರೋಧ ಹೆಚ್ಚಿದ್ದಷ್ಟೂ ಮೀಟರಿನ ಭಾರ ಅದಕ್ಕೆ ಹೆಚ್ಚಾಗಿ ತಟ್ಟುವುದರಿಂದ, 500 ಓಮಿನ ಕಡೆಗೆ ಹೆಚ್ಚು ನಷ್ಟ, 300 ಓಮಿನ ಕಡೆಗೆ ಕಡಿಮೆ. ಸಮವಾಗಿರಬೇಕಾದ ಎರಡು ಸಂಖ್ಯೆಗಳ ನಡುವೆ ಸುಮಾರು 4 ಓಮಿನ ಬಿರುಕು ಕಂಡಿತೆಂದರೆ ಜಾಲವನ್ನು ದೂರಬಾರದು, ಮೊದಲು ಮೀಟರನ್ನು ಸಂಶಯಿಸಬೇಕು. ಎರಡೂ ದ್ವಾರಗಳು ಸಮರೋಧದವಾಗಿದ್ದರೆ ದೋಷಗಳೂ ಸಮವಾಗಿ ಈ ಸಾಕ್ಷಿಯೂ ಮೌನ ತಾಳುತ್ತದೆಂಬುದನ್ನು ಮಾತ್ರ ಮರೆಯಬಾರದು.

10 ಮೆಗಓಮಿನ ಡಿಜಿಟಲ್ ಮೀಟರು ಈ ದೋಷವನ್ನು ಗಣನೆಗೆ ಬಾರದಷ್ಟು ಚಿಕ್ಕದಾಗಿಸಿದೆ. ಆದರೂ ಪರೀಕ್ಷೆಗೆ ತನ್ನದೇ ಆದ ಮಿತಿಯಿದೆ. ನಡುವಣ 200 ಓಮಿನ ರೋಧಕವನ್ನು ಕಿತ್ತುಹಾಕಿದರೆ, ತೆರೆದ ತುದಿಯ ಮುಂದೆ ಪ್ರವಾಹಕ್ಕೆ ದಾರಿಯೇ ಉಳಿಯದೆ, ಶೂನ್ಯದಿಂದ ಭಾಗಿಸುವ ಪ್ರಸಂಗ ಬಂದು, Z ಸಂಖ್ಯೆಗಳೇ ಇಲ್ಲವಾಗುತ್ತವೆ. ಆಗ ತುದಿಯನ್ನು ಕೂಡಿಸಿ ಅಳೆಯುವ, ತಂತಿಯವರ ಆ ಎರಡನೆಯ ಪರೀಕ್ಷೆಗೇ ಶರಣಾಗಬೇಕು.