ಆಪ್ಷನ್ ಪಟ್ಟಿಯಲ್ಲಿ ಮೊದಲು ಯಾವುದು?

ಸಿಇಟಿ ರ್ಯಾಂಕ್ ಬಂದ ಮೇಲೆ ಮನೆಮನೆಯಲ್ಲೂ ಒಂದು ಚರ್ಚೆ ಶುರುವಾಗುತ್ತದೆ. 'ಅಷ್ಟು ದೊಡ್ಡ ಕಾಲೇಜನ್ನು ಮೊದಲು ಹಾಕಿದರೆ ಸಿಗುವ ಸೀಟೂ ಕೈತಪ್ಪೀತು, ಮೊದಲು ಗ್ಯಾರಂಟಿ ಇರುವುದನ್ನೇ ಹಾಕು' ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಕಾಳಜಿಯಿಂದ ಬಂದ ಮಾತಾದರೂ ಇದು ಪೂರ್ತಿ ತಪ್ಪು. ಪ್ರತಿ ವರ್ಷ ಒಳ್ಳೆಯ ರ್ಯಾಂಕಿನ ಮಕ್ಕಳು ಈ ಮಾತು ಕೇಳಿಯೇ ತಮಗೆ ದಕ್ಕಬಹುದಾಗಿದ್ದ ಸೀಟು ಬಿಟ್ಟುಕೊಡುತ್ತಾರೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಎಂಜಿನಿಯರಿಂಗ್ ಸೀಟು ಹಂಚುವ ರೀತಿ ಸರಳವಾಗಿದೆ. ಕಂಪ್ಯೂಟರ್ ಒಂದನೇ ರ್ಯಾಂಕಿನಿಂದ ಆರಂಭಿಸಿ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಮೊದಲ ಆಪ್ಷನ್‌ನಲ್ಲಿ ನಿಮಗೆ ಅರ್ಹತೆಯಿರುವ ಸೀಟು ಉಳಿದಿದ್ದರೆ ಕೊಡುತ್ತದೆ, ಇಲ್ಲದಿದ್ದರೆ ಎರಡನೆಯದಕ್ಕೆ ಹೋಗುತ್ತದೆ. ಮೇಲಿನ ಹತ್ತು ಆಪ್ಷನ್ ಸಿಗಲಿಲ್ಲವೆಂದು ಹನ್ನೊಂದನೆಯದರಲ್ಲಿ ನೀವು ಯಾರಿಗೂ ಹಿಂದೆ ಬೀಳುವುದಿಲ್ಲ, ಏಕೆಂದರೆ ನಿಮ್ಮ ನಂತರದ ರ್ಯಾಂಕಿನವರ ಸರದಿ ಇನ್ನೂ ಬಂದೇ ಇರುವುದಿಲ್ಲ. ಹಾಗಾಗಿ ಪಟ್ಟಿಯ ಕ್ರಮ ನಿಮ್ಮ ಆಸೆಯ ಕ್ರಮವಾಗಿರಬೇಕು, ಸಿಗುತ್ತದೋ ಇಲ್ಲವೋ ಎಂಬ ಲೆಕ್ಕದ ಕ್ರಮವಲ್ಲ. ಆ ಲೆಕ್ಕ ಬೇಕಾಗುವುದು ಪಟ್ಟಿ ಎಷ್ಟು ಕೆಳಗಿನವರೆಗೆ ಹೋಗಬೇಕು ಎಂದು ತೀರ್ಮಾನಿಸಲು. ಹಿಂದಿನ ವರ್ಷದ ಕಟ್ ಆಫ್ ನೋಡಿ, ನಿಮ್ಮ ರ್ಯಾಂಕಿಗಿಂತ ಸಾಕಷ್ಟು ಹಿಂದಿನ ರ್ಯಾಂಕಿಗೂ ಸೀಟು ಸಿಕ್ಕಿರುವ ಕೆಲವು ಕಾಲೇಜುಗಳು ಕೊನೆಯಲ್ಲಿ ಇರಲೇಬೇಕು.

ಕಟ್ ಆಫ್ ಪಟ್ಟಿ ತೆರೆದರೆ GM, GMR, 2AG, 2AK, 2AR, SCG ಹೀಗೆ ಸಾಲು ಸಾಲು ಕಾಲಂಗಳು ಕಾಣುತ್ತವೆ. ಕೊನೆಯಲ್ಲಿ R ಇದ್ದರೆ ಗ್ರಾಮೀಣ ಮೀಸಲು, K ಇದ್ದರೆ ಕನ್ನಡ ಮಾಧ್ಯಮದ ಮೀಸಲು. ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಸೀಟುಗಳಿವೆ. ಒಂದೇ ಕಾಲೇಜಿನ ಒಂದೇ ಕೋರ್ಸಿಗೆ GM ಕಾಲಂನಲ್ಲೂ 2AR ಕಾಲಂನಲ್ಲೂ ಕೊನೆಯ ರ್ಯಾಂಕ್ ಸಾವಿರಾರು ಸ್ಥಾನ ಬೇರೆಯಿರಬಹುದು. ನೀವು ಯಾವ ಕಾಲಂಗಳಲ್ಲಿ ಸ್ಪರ್ಧಿಸುತ್ತೀರಿ ಎಂಬುದು ದಾಖಲೆ ಪರಿಶೀಲನೆಯಲ್ಲಿ ನಿರ್ಧಾರವಾಗುತ್ತದೆ. ಆಪ್ಷನ್ ಬಗ್ಗೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಈ ದಿನದ ಬಗ್ಗೆ ಅದರ ಅರ್ಧದಷ್ಟು ಗಮನ ಕೊಟ್ಟರೂ ಎಷ್ಟೋ ಕಣ್ಣೀರು ತಪ್ಪುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯ ಹುಡುಗಿ, ಪ್ರವರ್ಗ 2ಎ, ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದವಳು, ರ್ಯಾಂಕ್ 32,000 ಎಂದುಕೊಳ್ಳಿ. ಅವಳ ದಾಖಲೆಗಳೆಲ್ಲ ಸರಿಯಿದ್ದರೆ GM, GMK, GMR, 2AG, 2AK, 2AR ಈ ಆರೂ ಕಾಲಂಗಳಲ್ಲಿ ಅವಳ ಹೆಸರು ಪರಿಗಣನೆಗೆ ಬರುತ್ತದೆ.

ಇದಕ್ಕೆ ಅವಳಿಗೆ ಬೇಕಾದದ್ದು ಮೂರು ಆಧಾರ. ತಹಶೀಲ್ದಾರರಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಒಂದರಿಂದ ಹತ್ತರವರೆಗಿನ ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರ, ಅದೇ ಹತ್ತು ವರ್ಷಗಳ ಕನ್ನಡ ಮಾಧ್ಯಮದ ಪ್ರಮಾಣಪತ್ರ. ಜಾತಿ ಪ್ರಮಾಣಪತ್ರದ ನಮೂನೆ ಪ್ರವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ: ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ನಮೂನೆ ಡಿ, ಪ್ರವರ್ಗ 1ಕ್ಕೆ ಇ, 2ಎಯಿಂದ 3ಬಿವರೆಗೆ ಎಫ್. ಅದರ ಮೇಲಿರುವ, RD ಎಂದು ಆರಂಭವಾಗುವ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಿದಾಗ ಕಂದಾಯ ಇಲಾಖೆಯ ದಾಖಲೆಯೊಂದಿಗೆ ತಾಳೆಯಾಗುತ್ತದೆ. ಎಡವುವುದು ಇಲ್ಲೇ. ಅವಸರದಲ್ಲಿ ಅಣ್ಣನ ಅಥವಾ ತಂದೆಯ ಪ್ರಮಾಣಪತ್ರದ ಸಂಖ್ಯೆ ಹಾಕಿಬಿಡುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಜಾತಿ ಪ್ರಮಾಣಪತ್ರದಲ್ಲಿ ತಂದೆಯ ಪೂರ್ತಿ ಹೆಸರು ಇರುತ್ತದೆ. ಇಲ್ಲವೇ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. ಇವೆಲ್ಲ ನಾಡಕಚೇರಿಯಲ್ಲಿ ಸರಿಯಾಗುವಂಥವು, ಆದರೆ ಪರಿಶೀಲನೆಯ ಹಿಂದಿನ ದಿನ ಹೋಗಿ ನಿಂತರೆ ಆಗುವ ಕೆಲಸವಲ್ಲ.

ಗ್ರಾಮೀಣ ಪ್ರಮಾಣಪತ್ರದ ತೊಡಕು ಬೇರೆ. ಹತ್ತೂ ವರ್ಷ ಹಳ್ಳಿಯಲ್ಲಿ ಓದಿರಬೇಕು. ಒಂದು ವರ್ಷ ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಗೆ ಹೋಗಿದ್ದರೂ ಆ ಮೀಸಲಾತಿ ಸಿಗದು, ಮನೆ ಹಳ್ಳಿಯಲ್ಲೇ ಇದ್ದರೂ ಸರಿ. ಏಳನೆಯವರೆಗೆ ಒಂದು ಶಾಲೆ, ಮುಂದೆ ಇನ್ನೊಂದು ಎಂದಾದರೆ ಎರಡೂ ಕಡೆಯ ಮುಖ್ಯ ಶಿಕ್ಷಕರ ಸಹಿಯೂ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕು. ಇತ್ತೀಚೆಗೆ ಶಾಲಾ ದಾಖಲೆ ಆನ್‌ಲೈನ್‌ನಲ್ಲೇ ತಾಳೆಯಾಗುವುದುಂಟು. ಆದರೂ ಕಾಗದ ಕೈಯಲ್ಲಿರುವುದು ಕ್ಷೇಮ.

ಪರಿಶೀಲನೆ ಮುಗಿದ ಮೇಲೆ ಸಿಗುವ ವೆರಿಫಿಕೇಷನ್ ಸ್ಲಿಪ್ ಅನ್ನು ಅಲ್ಲೇ ಸಾಲು ಸಾಲಾಗಿ ಓದಬೇಕು. ಪ್ರವರ್ಗದ ಮುಂದೆ 2A ಇದೆಯೇ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮುಂದೆ Yes ಇದೆಯೇ ನೋಡಿಕೊಳ್ಳಬೇಕು. ಒಂದು No ಬಂದಿದ್ದರೆ ಸೀಟು ಹಂಚಿಕೆಗೆ ಮೊದಲೇ ಕೇಳಬೇಕು.

ಈಗ ನಮ್ಮ ಹುಡುಗಿಯ ಪಟ್ಟಿಗೆ ಬರೋಣ. ಅವಳು ಮೊದಲು ಬೆಂಗಳೂರಿನ ಯುವಿಸಿಇಯ ಕಂಪ್ಯೂಟರ್ ಸೈನ್ಸ್, ನಂತರ ಅಲ್ಲಿಯದೇ ಎಲೆಕ್ಟ್ರಾನಿಕ್ಸ್, ಮೂರನೆಯದಾಗಿ ದಾವಣಗೆರೆಯ ಯುಬಿಡಿಟಿಯ ಕಂಪ್ಯೂಟರ್ ಸೈನ್ಸ್, ಕೊನೆಗೆ ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಹಾಕಿದ್ದಾಳೆ ಎನ್ನೋಣ. ಅವಳ ಸರದಿ ಬರುವಾಗ ಯುವಿಸಿಇಯ ಎರಡೂ ಕೋರ್ಸುಗಳಲ್ಲಿ ಆರೂ ಕಾಲಂ ತುಂಬಿವೆ. ಯುಬಿಡಿಟಿಯಲ್ಲಿ 2AR ಒಂದೇ ಒಂದು ಉಳಿದಿದೆ. ಅದು ಅವಳದಾಗುತ್ತದೆ. ಗ್ರಾಮೀಣ ಪ್ರಮಾಣಪತ್ರ ತಿರಸ್ಕೃತವಾಗಿದ್ದರೆ ಅವಳು ನೇರ ಹಾವೇರಿಗೆ ಇಳಿಯುತ್ತಿದ್ದಳು. ಆ ಒಂದು ಕಾಗದದ ಬೆಲೆ ಅಷ್ಟು.

ಅಂತಿಮ ಹಂಚಿಕೆಗೆ ಮೊದಲು ಅಣಕು ಹಂಚಿಕೆ ನಡೆಯುತ್ತದೆ. ಅದರಲ್ಲಿ ಬಂದ ಸೀಟು ಸಿಕ್ಕಂತಲ್ಲ. ಉಳಿದವರೂ ತಮ್ಮ ಪಟ್ಟಿ ತಿದ್ದುವುದರಿಂದ ಫಲಿತಾಂಶ ಬದಲಾಗುತ್ತದೆ. ಆದರೆ ಪಟ್ಟಿ ಚಿಕ್ಕದಾಯಿತೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಅಣಕು ಹಂಚಿಕೆಯಲ್ಲಿ ಏನೂ ಬರದಿದ್ದರೆ ಕೆಳಗೆ ಇನ್ನಷ್ಟು ಕಾಲೇಜು ಸೇರಿಸಲೇಬೇಕು. ಎರಡನೇ ಸುತ್ತಿನಲ್ಲಿ ಸಾಮಾನ್ಯವಾಗಿ ಹೊಸ ಆಪ್ಷನ್ ಸೇರಿಸಲು ಬಿಡುವುದಿಲ್ಲ, ಇರುವುದನ್ನು ಅಳಿಸಬಹುದು, ಹಿಂದೆಮುಂದೆ ಮಾಡಬಹುದು. ಪ್ರತಿ ಆಪ್ಷನ್ ಎದುರು ಕಾಣುವ ಶುಲ್ಕವನ್ನೂ ಆಗಲೇ ಓದಿಕೊಳ್ಳಿ. ಸರ್ಕಾರಿ ಕಾಲೇಜಿಗೂ ಖಾಸಗಿ ವಿಶ್ವವಿದ್ಯಾಲಯಕ್ಕೂ ಶುಲ್ಕದ ಅಂತರ ದೊಡ್ಡದು. ಕಟ್ಟಲಾಗದ ಶುಲ್ಕದ ಆಪ್ಷನ್ ಪಟ್ಟಿಯಲ್ಲಿದ್ದರೆ ಅದೇ ಬಂದು ಕೂರಬಹುದು.

ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸುವವರು ಒಂದನ್ನು ನೋಡಿಕೊಳ್ಳಬೇಕು. ಅರ್ಜಿಗೆ ಕೊಟ್ಟ ಮೊಬೈಲ್ ನಂಬರ್ ನಿಮ್ಮದೇ ಆಗಿರಲಿ. ಅಂಗಡಿಯವರ ನಂಬರ್ ಕೊಟ್ಟಿದ್ದರೆ ಒಟಿಪಿ ಅವರಿಗೇ ಹೋಗುತ್ತದೆ, ಅಂಗಡಿ ಮುಚ್ಚಿದ ರಾತ್ರಿ ನಿಮ್ಮ ಪಟ್ಟಿ ತಿದ್ದಲು ನಿಮಗೇ ಆಗುವುದಿಲ್ಲ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್ ಎದುರಾಗುತ್ತವೆ. ಒಂದನೆಯದು, ಸೀಟು ಒಪ್ಪಿ ಶುಲ್ಕ ಕಟ್ಟಿ ಕಾಲೇಜಿಗೆ ಸೇರುವುದು. ಎರಡನೆಯದು, ಇದನ್ನು ಹಿಡಿದುಕೊಂಡೇ ಮೇಲಿನ ಆಪ್ಷನ್‌ಗಾಗಿ ಮುಂದಿನ ಸುತ್ತಿಗೆ ಕಾಯುವುದು. ಮೂರನೆಯದರಲ್ಲಿ ಕೈಯಲ್ಲಿರುವ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುತ್ತೀರಿ, ನಾಲ್ಕನೆಯದರಲ್ಲಿ ಪ್ರಕ್ರಿಯೆಯಿಂದಲೇ ಹೊರಬರುತ್ತೀರಿ. ನಮ್ಮ ಹುಡುಗಿ ಎರಡನೆಯದನ್ನು ಆರಿಸಿದಳು ಎಂದುಕೊಳ್ಳಿ. ಮೊದಲ ಸುತ್ತಿನ ಕೆಲವರು ವೈದ್ಯಕೀಯಕ್ಕೆ ಹೋದದ್ದರಿಂದ ಯುವಿಸಿಇ ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಟು ತೆರವಾಗಿ ಅವಳಿಗೆ ಬಂತು. ಆ ಕ್ಷಣಕ್ಕೆ ಯುಬಿಡಿಟಿಯ ಕಂಪ್ಯೂಟರ್ ಸೈನ್ಸ್ ಸೀಟು ತಾನಾಗಿಯೇ ರದ್ದಾಗುತ್ತದೆ, ಮತ್ತೆ ಬೇಕೆಂದರೂ ಸಿಗದು. ಅವಳಿಗೆ ನಿಜಕ್ಕೂ ಬೇಕಿದ್ದುದು ಕಂಪ್ಯೂಟರ್ ಸೈನ್ಸೇ ಆಗಿದ್ದು, ಎಲೆಕ್ಟ್ರಾನಿಕ್ಸ್ ಅನ್ನು ಕಾಲೇಜಿನ ಹೆಸರಿಗಾಗಿ ಮೇಲಿಟ್ಟಿದ್ದರೆ ಇದು ನಷ್ಟವೇ. ಹಾಗಾಗಿ ಎರಡನೇ ಚಾಯ್ಸ್ ಒತ್ತುವ ಮೊದಲು, ಸಿಕ್ಕ ಸೀಟಿಗಿಂತ ಮೇಲಿರುವ ಒಂದೊಂದು ಆಪ್ಷನ್ ಮುಂದೆಯೂ ಕೇಳಿಕೊಳ್ಳಬೇಕು: ಇದಕ್ಕಾಗಿ ಕೈಯಲ್ಲಿರುವುದನ್ನು ಬಿಡುತ್ತೇನೆಯೇ? ಇಲ್ಲವೆಂದಾದರೆ ಎರಡನೇ ಸುತ್ತಿಗೆ ಮುನ್ನ ಅದನ್ನು ಅಳಿಸಬೇಕು. ಒಂದನೇ ಚಾಯ್ಸ್ ಕೊಟ್ಟವರು ಪ್ರವೇಶ ಆದೇಶ ಡೌನ್‌ಲೋಡ್ ಮಾಡಿಕೊಂಡು ಅದರಲ್ಲಿ ಹೇಳಿದ ದಿನಾಂಕದೊಳಗೆ ಮೂಲ ದಾಖಲೆಗಳೊಂದಿಗೆ ಕಾಲೇಜಿನಲ್ಲಿ ಹಾಜರಾಗಬೇಕು. ಶುಲ್ಕ ಕಟ್ಟಿದ್ದೇನಲ್ಲ ಎಂದು ಸುಮ್ಮನಿದ್ದರೆ ಸೀಟು ಉಳಿಯುವುದಿಲ್ಲ.