ಕ್ರೀಮ್ ಎಲ್ಲಿ ಹೋಯಿತು?

ಮನೆಯಲ್ಲೇ ಕೇಕ್ ಮಾಡಿ ಮಾರುವವರನ್ನು ಅಸಲೆಷ್ಟು ಎಂದು ಕೇಳಿದರೆ ಮೈದಾ, ಸಕ್ಕರೆ, ಮೊಟ್ಟೆಯ ದರ ಥಟ್ಟನೆ ಬರುತ್ತದೆ. ಆದರೆ ದುಡ್ಡು ಸೋರುವುದು ಅಲ್ಲಲ್ಲ.

ಅರ್ಧ ಕೆ.ಜಿ. ಚಾಕೊಲೇಟ್ ಕೇಕನ್ನೇ ತೆಗೆದುಕೊಳ್ಳೋಣ. ಮೈದಾ 75 ಗ್ರಾಂ, ಸಕ್ಕರೆ 80, ಕೋಕೋ 15, ಎಣ್ಣೆ 35, ಹಾಲು 60, ಒಂದು ಮೊಟ್ಟೆ. ಮೇಲೆ ಹಚ್ಚಲು ವಿಪ್ಪಿಂಗ್ ಕ್ರೀಮ್ 150 ಗ್ರಾಂ, ಡಾರ್ಕ್ ಕಾಂಪೌಂಡ್ 40. ಎಲ್ಲವೂ ಗ್ರಾಂನಲ್ಲೇ ಇರಬೇಕು. ಒತ್ತಿ ತುಂಬಿದ ಕಪ್ಪಿಗೂ ಹಗುರವಾಗಿ ತುಂಬಿದ ಕಪ್ಪಿಗೂ ಮೈದಾದ ತೂಕ ಬೇರೆ, ಹಾಗಾಗಿ ಕಪ್ಪಿನ ಅಳತೆಯಲ್ಲಿ ದಾಸ್ತಾನಿನ ಲೆಕ್ಕ ಕೂಡುವುದೇ ಇಲ್ಲ.

ಕ್ರೀಮ್ ಕೆ.ಜಿ.ಗೆ 260 ರೂಪಾಯಿ ಎಂದುಕೊಂಡರೆ ಈ ಕೇಕಿನ ಕ್ರೀಮಿಗೆ 39 ರೂಪಾಯಿ. ಮೈದಾ ಕೆ.ಜಿ.ಗೆ 50 ಎಂದರೂ ಅದರ ಪಾಲು ನಾಲ್ಕು ರೂಪಾಯಿ ದಾಟುವುದಿಲ್ಲ. ಮೈದಾ ದರಕ್ಕೆ ಚೌಕಾಸಿ ಮಾಡಿ ಕ್ರೀಮನ್ನು ಕಣ್ಣಳತೆಯಲ್ಲಿ ಹಚ್ಚುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ಆರ್ಡರ್ ಮುಗಿದೊಡನೆ ರೆಸಿಪಿಯ ಅಳತೆಯನ್ನು ಕೇಕುಗಳ ಸಂಖ್ಯೆಯಿಂದ ಗುಣಿಸಿ ದಾಸ್ತಾನಿನ ಪುಸ್ತಕದಲ್ಲಿ ಕಳೆಯಬೇಕು. ವಾರದ ಕೊನೆಗೆ ಉಳಿದದ್ದನ್ನು ತೂಗಿ ಪುಸ್ತಕದ ಅಂಕಿಯ ಪಕ್ಕದಲ್ಲಿ ಬರೆಯಬೇಕು. ಆರು ಕೇಕಿಗೆ 900 ಗ್ರಾಂ ಕ್ರೀಮ್ ಖರ್ಚಾಗಿ, ಕೆ.ಜಿ. ಪ್ಯಾಕೆಟ್ಟಿನಲ್ಲಿ 100 ಗ್ರಾಂ ಉಳಿಯಬೇಕು ಎನ್ನುತ್ತದೆ ಪುಸ್ತಕ. ನೋಡಿದರೆ ಪ್ಯಾಕೆಟ್ ಖಾಲಿ, ಎರಡನೆಯದರಲ್ಲೂ 80 ಗ್ರಾಂ ಹೋಗಿದೆ. ಅಂದರೆ ಒಂದು ಕೇಕಿಗೆ ನಿಜವಾಗಿ ತಗಲಿದ್ದು 180 ಗ್ರಾಂ. ಹೆಚ್ಚಿನ 30 ಗ್ರಾಂ ಬಟ್ಟಲಿನ ಅಂಚಿಗೆ, ಪೈಪಿಂಗ್ ಬ್ಯಾಗಿನ ತುದಿಗೆ ಅಂಟಿ ಸಿಂಕ್ ಸೇರಿದೆ. ಹಾಗಾಗಿ ಅಸಲಿನ ಚೀಟಿಯಲ್ಲಿ 180 ಎಂದೇ ಬರೆಯಬೇಕು. ಕ್ರೀಮಿನ ಪಾಲು ಆಗ ಸುಮಾರು 47 ರೂಪಾಯಿ. ಇದೇ ವ್ಯತ್ಯಾಸ ಪ್ರತಿ ವಾರ ಬಂದರೆ ಅದು ರೆಸಿಪಿಯ ಅಳತೆಯ ತಪ್ಪು. ಒಂದೇ ವಾರ ಬಂದರೆ ಬರೆಯದೇ ಬಿಟ್ಟ ಆರ್ಡರನ್ನೋ ಕೆಟ್ಟುಹೋದ ಕೇಕನ್ನೋ ಹುಡುಕಬೇಕು.

ಆರ್ಡರ್ ಕಡಿಮೆಯಾದಾಗ ಈ 47 ಕೂಡ ನಿಲ್ಲುವುದಿಲ್ಲ. ಫ್ರೀಜರಿನಿಂದ ತೆಗೆದು ಕರಗಿಸಿದ ಕ್ರೀಮ್ ಫ್ರಿಜ್ಜಿನಲ್ಲಿ ಕೆಲವೇ ದಿನ ಬಾಳುತ್ತದೆ. ನಾಲ್ಕೇ ಕೇಕ್ ಮಾಡಿ ಮಿಕ್ಕ 280 ಗ್ರಾಂ ಚೆಲ್ಲಿದರೆ ಇಡೀ ಪ್ಯಾಕೆಟ್ಟಿನ 260 ರೂಪಾಯಿ ಆ ನಾಲ್ಕರ ಮೇಲೇ ಬೀಳುತ್ತದೆ, ತಲಾ 65ರಂತೆ. ಚೆಲ್ಲಿದ್ದನ್ನೂ ತೂಗಿ ಬೇರೆ ಸಾಲಿನಲ್ಲಿ ಬರೆದಿಟ್ಟರೆ, ಮುಂದಿನ ಸಲ ಪ್ಯಾಕೆಟ್ ಕರಗಿಸುವ ಮುನ್ನ ಕೈಯಲ್ಲಿರುವ ಆರ್ಡರುಗಳನ್ನು ಒಂದೇ ದಿನಕ್ಕೆ ಹೊಂದಿಸಬಹುದೇ ಎಂದು ನೋಡಬಹುದು.

ಒಂದು ಕೆ.ಜಿ. ಕೇಕಿಗೆ ಈ ಚೀಟಿಯನ್ನು ಸುಮ್ಮನೆ ಎರಡರಿಂದ ಗುಣಿಸಬಾರದು. ಸ್ಪಾಂಜಿನ ಹಿಟ್ಟು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ ನಿಜ. ಆದರೆ ಕೇಕಿನ ಹೊರಮೈ ಅಷ್ಟು ಹಿಗ್ಗುವುದಿಲ್ಲ, ಬಟ್ಟಲಿಗೆ ಅಂಟುವ ಕ್ರೀಮೂ ದುಪ್ಪಟ್ಟಾಗುವುದಿಲ್ಲ. ಅದಕ್ಕೆ ಬೇರೆಯೇ ಚೀಟಿ ಬೇಕು, ಅದನ್ನೂ ತೂಗಿಯೇ ಬರೆಯಬೇಕು.